ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ನರ್ಸ್ ಸಿದ್ಧವೇ? ಹೊಸ ನರ್ಸ್‌ಗಳ ಮೊದಲ 12 ವಾರಗಳು ಹೇಗಿರಬೇಕು

ವಾಟ್ಸ್ಯಾಪ್‌ನಲ್ಲಿ ಆಗಾಗ ತಿರುಗುವ ಒಂದು ಬಗೆಯ ಸಂದೇಶ ಇದೆ. "ಆಸ್ಪತ್ರೆಯಲ್ಲಿ ಹೊಸ ನರ್ಸ್ ಬಂದರೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಅವರು ನಿಮ್ಮ ಮೇಲೆ ಕಲಿಯುತ್ತಿರುತ್ತಾರೆ, ಸೀನಿಯರ್‌ನೇ ಕರೆಸಿ" ಎಂಬುದು ಅದರ ಸಾರ. ಇದಕ್ಕೆ ನೇರ ಎದುರಾದ ಇನ್ನೊಂದು ನಂಬಿಕೆಯೂ ಉಂಟು. ನಾಲ್ಕು ವರ್ಷ ಓದಿ ಪರೀಕ್ಷೆ ಪಾಸಾಗಿ ಬಂದವರಿಗೆ ಇನ್ನೇನು ಹೇಳಿಕೊಡುವುದು, ವಾರ್ಡ್ ತೋರಿಸಿ ಡ್ಯೂಟಿ ಹಾಕಿದರೆ ಆಯಿತು ಎನ್ನುವುದು. ಮೊದಲನೆಯದನ್ನು ಜನ ಫಾರ್ವರ್ಡ್ ಮಾಡುತ್ತಾರೆ. ಎರಡನೆಯದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಆದರೆ ಎಷ್ಟೋ ಕಡೆ ಡ್ಯೂಟಿ ರೋಸ್ಟರ್ ಬರೆಯುವುದೇ ಅದರ ಪ್ರಕಾರ.

ಎರಡೂ ಅರ್ಧ ಸತ್ಯ. ಹೊಸ ನರ್ಸ್ ಅಪಾಯಕಾರಿ ಅಲ್ಲ, ಪೂರ್ತಿ ಸಿದ್ಧವೂ ಅಲ್ಲ. ಮೊದಲ ಮೂರು ತಿಂಗಳು ಅವರ ಪಕ್ಕದಲ್ಲಿ ಯಾರು ನಿಂತಿರುತ್ತಾರೆ, ಏನನ್ನು ನೋಡಿ ಗುರುತು ಹಾಕುತ್ತಾರೆ, ನೋಡಿದ ಮೇಲೆ ಏನು ಹೇಳುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಆಸ್ಪತ್ರೆಗಳಿಗೆ ಹೊಂದುವಂತೆ ಇಂಥ ಒಂದು ಕಾರ್ಯಕ್ರಮವನ್ನು ಹೇಗೆ ರೂಪಿಸಬಹುದು ಎಂದು ಇಲ್ಲಿ ನೋಡೋಣ. ಇದು ಈಗ ನಡೆಯುತ್ತಿರುವ ಯಾವುದೋ ಯೋಜನೆಯ ವರದಿಯಲ್ಲ. ಗೊತ್ತಿರುವ ವಿಧಾನಗಳನ್ನು ಇಲ್ಲಿನ ಕೆಲಸಕ್ಕೆ ಹೊಂದಿಸಿದ ನಕ್ಷೆ. ಎಲ್ಲ ಕೌಶಲಗಳನ್ನೂ ಹೇಳಲು ಹೋಗದೆ ಒಂದೇ ಕೆಲಸವನ್ನು ಹಿಡಿದು ಕೊನೆಯವರೆಗೂ ನೋಡುತ್ತೇವೆ: ಹಾವು ಕಚ್ಚಿ ಬಂದವರಿಗೆ ಮಾಡುವ 20 ನಿಮಿಷದ ರಕ್ತ ಪರೀಕ್ಷೆ.

ಕಾಲೇಜು ಕೊಡುವುದೇನು, ಕೊಡದಿರುವುದೇನು

ಕರ್ನಾಟಕದಲ್ಲಿ ನರ್ಸ್ ಆಗಲು ಮುಖ್ಯವಾಗಿ ಎರಡು ದಾರಿ. ಒಂದು ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ, ಇನ್ನೊಂದು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಮುಗಿಸಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿ ಆದ ಮೇಲೆ ಚುಚ್ಚುಮದ್ದು ಕೊಡಲು, ಡ್ರಿಪ್ ಹಾಕಲು ಅವರಿಗೆ ಅಧಿಕಾರ ಇದೆ. ಆದ್ದರಿಂದ "ಅವರು ಇನ್ನೂ ಕಲಿಯುವವರು, ಮುಟ್ಟಬಾರದು" ಎಂಬ ಸಂದೇಶ ತಪ್ಪು.

ಆದರೆ ಅಧಿಕಾರ ಬೇರೆ, ಕೈಯ ಪಳಗು ಬೇರೆ. ಅಮೆರಿಕದ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಇದನ್ನು ನಾಲ್ಕು ಮೆಟ್ಟಿಲಾಗಿ ಬಿಡಿಸಿ ಹೇಳಿದರು. ವಿಷಯ ಗೊತ್ತಿರುವುದು ಮೊದಲ ಮೆಟ್ಟಿಲು. ಹೇಗೆ ಮಾಡಬೇಕೆಂದು ಗೊತ್ತಿರುವುದು ಎರಡನೆಯದು. ಪರೀಕ್ಷಕರ ಮುಂದೆ ಮಾಡಿ ತೋರಿಸುವುದು ಮೂರನೆಯದು. ದಿನನಿತ್ಯದ ಕೆಲಸದಲ್ಲಿ ನಿಜವಾಗಿ ಹಾಗೇ ಮಾಡುವುದು ನಾಲ್ಕನೆಯದು. ಲಿಖಿತ ಪರೀಕ್ಷೆ ಮೊದಲ ಎರಡನ್ನು ಅಳೆಯುತ್ತದೆ, ಪ್ರಾಯೋಗಿಕ ಪರೀಕ್ಷೆ ಮೂರನೆಯದನ್ನು. ನಾಲ್ಕನೆಯದನ್ನು ಅಳೆಯಬೇಕಾದರೆ ರಾತ್ರಿ ಎರಡು ಗಂಟೆಗೆ, ಮೂವರು ರೋಗಿಗಳು ಒಟ್ಟಿಗೆ ಕರೆಯುತ್ತಿರುವಾಗ, ರೋಗಿಯ ಅಣ್ಣ ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುತ್ತಿರುವಾಗ ನೋಡಬೇಕು. ಅದನ್ನು ಕಾಲೇಜು ನೋಡಲಾರದು, ಆಸ್ಪತ್ರೆಯೇ ನೋಡಬೇಕು.

ಈ ಅಂತರ ಹೊಸದಾಗಿ ಕಂಡುಹಿಡಿದದ್ದೇನಲ್ಲ. ಕಾಲೇಜಿನಲ್ಲಿ ಕಲಿತದ್ದಕ್ಕೂ ವಾರ್ಡಿನಲ್ಲಿ ಕಾಣುವುದಕ್ಕೂ ತಾಳೆಯಾಗದೆ ಹೊಸ ನರ್ಸ್‌ಗಳು ಅನುಭವಿಸುವ ಆಘಾತದ ಬಗ್ಗೆ ಮಾರ್ಲೀನ್ ಕ್ರೇಮರ್ 1974ರಲ್ಲೇ ಪುಸ್ತಕ ಬರೆದಿದ್ದರು. ಅಂತರವನ್ನು ದಾಟಿಸಲು ಹೊಸಬರ ಜೊತೆ ನಿಂತು ಕಲಿಸುವ ಅನುಭವಿ ನರ್ಸ್‌ಗೆ ನರ್ಸಿಂಗ್‌ನಲ್ಲಿ ಪ್ರಿಸೆಪ್ಟರ್ ಎನ್ನುತ್ತಾರೆ.

ನಾಲ್ಕು ತಾಲ್ಲೂಕು, ಒಂದೇ ಪಟ್ಟಿ ಸಾಲದು

ಶ್ರೀರಂಗಪಟ್ಟಣ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿದೆ, ಪಕ್ಕದಲ್ಲೇ ಕಾವೇರಿ. ರಸ್ತೆ ಅಪಘಾತದವರು, ನೀರಿಗೆ ಬಿದ್ದವರು ಬರುತ್ತಾರೆ. ಮೈಸೂರಿನ ಕೆ.ಆರ್. ಆಸ್ಪತ್ರೆ ಸುಮಾರು 15 ಕಿಲೋಮೀಟರ್ ದೂರ, ಆಂಬುಲೆನ್ಸ್ ಹತ್ತಿಸಿದರೆ ಬೇಗ ತಲುಪಬಹುದು. ಪಾಂಡವಪುರ ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆಯುವ ಊರು. ನಾಗಮಂಗಲ ಹೆಚ್ಚಾಗಿ ರಾಗಿ, ತೆಂಗಿನ ಸೀಮೆ. ಆ ತಾಲ್ಲೂಕಿನ ಬೆಳ್ಳೂರು ಬಳಿ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ಕೆ.ಆರ್. ಪೇಟೆಯ ಕಷ್ಟ ಬೇರೆ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಾಗಲಿ, ಹಾಸನವಾಗಲಿ, ಎಲ್ಲಿಗೆ ಕಳಿಸಿದರೂ ಗಂಟೆಯ ದಾರಿ. ಅಲ್ಲಿ ಮೊದಲ ಒಂದು ಗಂಟೆಯ ಶುಶ್ರೂಷೆ ಬಹುಪಾಲು ತಾಲ್ಲೂಕು ಆಸ್ಪತ್ರೆಯ ಕೈಯಲ್ಲೇ ಇರುತ್ತದೆ.

ಹೀಗಾಗಿ ಚೆಕ್‌ಲಿಸ್ಟ್‌ನಲ್ಲಿ ನಾಲ್ಕೂ ಕಡೆಗೆ ಸಮಾನವಾದ ಒಂದು ಭಾಗ, ಆಯಾ ಆಸ್ಪತ್ರೆಗೆ ಮಾತ್ರ ಸೇರಿದ ಒಂದು ಪುಟ ಇರಬೇಕು. ಕೈ ತೊಳೆಯುವುದು, ಔಷಧಿ ಕೊಡುವ ಮುನ್ನ ರೋಗಿಯ ಹೆಸರು ತಾಳೆ ನೋಡುವುದು, ರಕ್ತ ಏರಿಸುವಾಗಿನ ನಿಗಾ, ಹೆರಿಗೆಯಾದ ತಾಯಿಯ ರಕ್ತಸ್ರಾವ ಗಮನಿಸುವುದು, ಪಾಳಿ ಬದಲಾಗುವಾಗ ವಿಷಯ ಒಪ್ಪಿಸುವುದು, ಇವು ಎಲ್ಲ ಕಡೆಗೂ ಬೇಕು. ಸ್ಥಳೀಯ ಪುಟದಲ್ಲಿ ಶ್ರೀರಂಗಪಟ್ಟಣದವರು ಅಪಘಾತದ ಗಾಯಾಳುವಿನ ಕುತ್ತಿಗೆ ಅಲುಗದಂತೆ ಸಾಗಿಸುವುದನ್ನು ಸೇರಿಸಲಿ. ಕೆ.ಆರ್. ಪೇಟೆಯವರು ಆಂಬುಲೆನ್ಸ್‌ನಲ್ಲಿ ಒಂದು ಗಂಟೆ ರೋಗಿಯನ್ನು ನೋಡಿಕೊಳ್ಳುವುದನ್ನು ಸೇರಿಸಲಿ. ಎಲ್ಲವನ್ನೂ ಸೇರಿಸಿ ನೂರೈವತ್ತು ಸಾಲಿನ ಪಟ್ಟಿ ಮಾಡಿದರೆ ಅದನ್ನು ಯಾರೂ ಓದುವುದಿಲ್ಲ, ಟಿಕ್ ಮಾತ್ರ ಹಾಕುತ್ತಾರೆ. ಹದಿನೈದರಿಂದ ಇಪ್ಪತ್ತು ಕೆಲಸ ಸಾಕು ಎಂಬುದು ನಮ್ಮ ಅಂದಾಜು.

ಹಾವು ಕಡಿತ ನಾಲ್ಕೂ ಪಟ್ಟಿಗಳಲ್ಲಿ ಇರಲೇಬೇಕು. ಕಬ್ಬಿನ ಗದ್ದೆ, ಹುಲ್ಲಿನ ಮೆದೆ, ರಾತ್ರಿ ನೀರು ಕಟ್ಟಲು ಹೋಗುವವರು ಎಲ್ಲ ಕಡೆ ಇದ್ದಾರೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು.

ಒಂದು ಗಾಜಿನ ಟ್ಯೂಬು, ಇಪ್ಪತ್ತು ನಿಮಿಷ

ಕೊಳಕುಮಂಡಲದಂಥ ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಅದು ಕೆಟ್ಟಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ರೋಗಿಯ ರಕ್ತನಾಳದಿಂದ 2 ಮಿಲಿಲೀಟರ್ ರಕ್ತ ತೆಗೆದು ಹೊಸ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಒಮ್ಮೆ ಬಾಗಿಸಿ ನೋಡುವುದು. ಗಡ್ಡೆ ಕಟ್ಟಿದ್ದರೆ ಹೆಪ್ಪುಗಟ್ಟುತ್ತಿದೆ. ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದು, ವೈದ್ಯರು ಪ್ರತಿವಿಷ ಆರಂಭಿಸಬೇಕು.

ಕೇಳಲು ಇಷ್ಟೇ. ಕೆಡುವುದು ಸಣ್ಣ ವಿಷಯಗಳಲ್ಲಿ. ಗಾಜಿನ ಮೇಲ್ಮೈ ತಾಗಿದಾಗ ರಕ್ತದ ಹೆಪ್ಪುಗಟ್ಟುವ ಕ್ರಿಯೆ ಚುರುಕಾಗುತ್ತದೆ, ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹಾಗೆ ಆಗುವುದಿಲ್ಲ. ಸೋಪಿನ ಪುಡಿಯಲ್ಲಿ ತೊಳೆದ ಗಾಜಿನ ಟ್ಯೂಬಿನಲ್ಲೂ ಸೋಪಿನ ಪದರ ಅಡ್ಡ ಬರುತ್ತದೆ. ಎರಡೂ ಸಂದರ್ಭದಲ್ಲಿ ಆರೋಗ್ಯವಂತನ ರಕ್ತವೂ ಹರಿಯುತ್ತಲೇ ಇದ್ದು, ಬೇಡದ ಪ್ರತಿವಿಷ ಕೊಡುವಂತಾಗುತ್ತದೆ. ಪ್ರತಿವಿಷದಿಂದಲೇ ತೀವ್ರ ಅಲರ್ಜಿ ಬರಬಹುದಾದ್ದರಿಂದ ಇದು ಸಣ್ಣ ತಪ್ಪಲ್ಲ. ನಡುನಡುವೆ ಟ್ಯೂಬ್ ಎತ್ತಿ ನೋಡಿದರೂ, ಸಮಯಕ್ಕೆ ಮುಂಚೆ ಬಾಗಿಸಿದರೂ ಫಲಿತಾಂಶ ನಂಬುವಂತಿಲ್ಲ.

ಇನ್ನೊಂದು ಅಪಾಯ ಫಲಿತಾಂಶದ ಅರ್ಥದಲ್ಲಿದೆ. ನಾಗರಹಾವು, ಕಟ್ಟುಹಾವುಗಳ ವಿಷ ಮುಖ್ಯವಾಗಿ ನರಗಳನ್ನು ಹಿಡಿಯುತ್ತದೆ. ಅವು ಕಚ್ಚಿದಾಗ ಈ ಪರೀಕ್ಷೆಯಲ್ಲಿ ರಕ್ತ ಚೆನ್ನಾಗಿಯೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿತು ಎಂದರೆ ವಿಷ ಏರಿಲ್ಲ ಎಂದಲ್ಲ. ರೆಪ್ಪೆ ಜೋಲುತ್ತಿದೆಯೇ, ನುಂಗಲು ಕಷ್ಟವೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಎಂದು ನೋಡುತ್ತಲೇ ಇರಬೇಕು. ಮಂಡಲದ ವಿಷವೂ ತಡವಾಗಿ ಏರಬಹುದಾದ್ದರಿಂದ ಮೊದಲ ಸಲ ಹೆಪ್ಪುಗಟ್ಟಿದರೂ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು. ಪ್ರತಿವಿಷ ಕೊಟ್ಟ ಮೇಲೆ 6 ಗಂಟೆ ಬಿಟ್ಟು ಮತ್ತೊಮ್ಮೆ ಮಾಡುತ್ತಾರೆ, ಏಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಸುಮಾರು ಅಷ್ಟು ಹೊತ್ತು ಬೇಕು.

ಈಗ ಇದನ್ನು ಚೆಕ್‌ಲಿಸ್ಟ್‌ಗೆ ಇಳಿಸೋಣ. ಸಾಮಾನ್ಯವಾಗಿ ಕಾಣುವ ಪಟ್ಟಿಗಳಲ್ಲಿ "ರಕ್ತದ ಮಾದರಿಯನ್ನು ಸರಿಯಾಗಿ ಸಂಗ್ರಹಿಸಿದರು" ಎಂಬಂಥ ಸಾಲು ಇರುತ್ತದೆ. ಇದರಿಂದ ಪ್ರಯೋಜನವಿಲ್ಲ, ಏಕೆಂದರೆ "ಸರಿಯಾಗಿ" ಎಂಬುದು ನೋಡುವವರ ಮನಸ್ಸಿನಲ್ಲಿದೆ. ಕಣ್ಣಿಗೆ ಕಾಣುವ ಕೆಲಸವನ್ನೇ ಬರೆಯಬೇಕು. ಹೀಗೆ:

1. ರೋಗಿಯ ಹೆಸರು ಕೇಳಿ ಕೇಸ್ ಶೀಟ್‌ನೊಂದಿಗೆ ತಾಳೆ ನೋಡಿದರು.
2. ★ ಟ್ಯೂಬ್ ಗಾಜಿನದು, ಹೊಸದು, ಒಣಗಿದೆ ಎಂದು ಬೆಳಕಿಗೆ ಹಿಡಿದು ನೋಡಿದರು.
3. ಹಾವು ಕಚ್ಚದ ಕೈಯಿಂದ 2 ಮಿಲಿಲೀಟರ್ ರಕ್ತ ತೆಗೆದರು.
4. ಟ್ಯೂಬಿನ ಮೇಲೆ ಹೆಸರು ಮತ್ತು ರಕ್ತ ಹಾಕಿದ ಸಮಯ ಬರೆದರು.
5. ★ ಯಾರ ಕೈಯೂ ತಾಗದ ಕಡೆ ನೆಟ್ಟಗೆ ನಿಲ್ಲಿಸಿ, 20 ನಿಮಿಷ ಮುಟ್ಟಲಿಲ್ಲ.
6. ಕಾಯುವ ಹೊತ್ತಿನಲ್ಲಿ ರೆಪ್ಪೆ, ಉಸಿರು, ನಾಡಿ, ಗಾಯದ ಊತ ನೋಡಿ ಬರೆದರು.
7. ಒಂದೇ ಸಲ ಬಾಗಿಸಿ "ಹೆಪ್ಪುಗಟ್ಟಿದೆ" ಅಥವಾ "ಹೆಪ್ಪುಗಟ್ಟಿಲ್ಲ" ಎಂದು ಸಮಯ ಸಹಿತ ದಾಖಲಿಸಿದರು.
8. ★ ಫಲಿತಾಂಶವನ್ನು ವೈದ್ಯರಿಗೆ ಬಾಯಲ್ಲೇ ಹೇಳಿ, ಮುಂದಿನ ಪರೀಕ್ಷೆ ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡರು.

ನಕ್ಷತ್ರ ಹಾಕಿದ ಸಾಲುಗಳು ತಪ್ಪಿದರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಆ ಪ್ರಯತ್ನ ಲೆಕ್ಕಕ್ಕೆ ಬರುವುದಿಲ್ಲ. ಎಂಟರಲ್ಲಿ ಏಳು ಅಂದರೆ ಪಾಸು ಎಂಬ ಶಾಲೆಯ ಲೆಕ್ಕ ಇಲ್ಲಿ ನಡೆಯದು, ತಪ್ಪಿದ ಆ ಒಂದು ಪ್ಲಾಸ್ಟಿಕ್ ಟ್ಯೂಬೇ ಆಗಿರಬಹುದು.

ಪ್ರತಿ ಸಾಲಿಗೆ ಹೌದು, ಇಲ್ಲ ಎಂಬ ಟಿಕ್‌ಗಿಂತ, ಎಷ್ಟು ನೆರವು ಬೇಕಾಯಿತು ಎಂದು ಬರೆಯುವುದು ಉಪಯುಕ್ತ. ಪ್ರಿಸೆಪ್ಟರ್ ಕೈ ಹಾಕಬೇಕಾಯಿತು ಎಂದರೆ 1. ಬಾಯಲ್ಲಿ ನೆನಪಿಸಬೇಕಾಯಿತು ಎಂದರೆ 2. ಏನೂ ಹೇಳದೆ ತಾನೇ ಮಾಡಿದರು ಎಂದರೆ 3. ಬೇರೆ ಬೇರೆ ದಿನ ಮೂರು ಸಲ ಎಲ್ಲ ಸಾಲಿಗೂ 3 ಬಂದಾಗ ಆ ಕೆಲಸಕ್ಕೆ ಸಹಿ. ಇದರ ಲಾಭ ಏನೆಂದರೆ ಹಾಳೆ ನೋಡಿದ ತಕ್ಷಣ ಯಾವ ಸಾಲಿನಲ್ಲಿ 2 ಪದೇ ಪದೇ ಬಂದಿದೆ ಎಂದು ಕಾಣುತ್ತದೆ, ಕಲಿಸಬೇಕಾದದ್ದು ಅಲ್ಲಿ.

ಮೂರು ತಿಂಗಳಲ್ಲಿ ಹಾವು ಕಚ್ಚಿದವರು ಆಕೆಯ ಪಾಳಿಯಲ್ಲಿ ಬಾರದೇ ಇದ್ದರೆ? ಆಗ ಬಣ್ಣದ ನೀರು, ಗಾಜಿನ ಟ್ಯೂಬ್ ಇಟ್ಟುಕೊಂಡು, ಪ್ರಿಸೆಪ್ಟರೇ ರೋಗಿಯಾಗಿ ಕೂತು ಮಾಡಿಸಬಹುದು. ಆದರೆ ಹಾಳೆಯಲ್ಲಿ "ಅಭ್ಯಾಸ" ಎಂದೇ ಬರೆಯಬೇಕು, ನಿಜವಾದ ರೋಗಿಯ ಮೇಲೆ ಮಾಡಿದ್ದರ ಜೊತೆ ಬೆರೆಸಬಾರದು. ಮುಂದೆ ನಿಜವಾದ ಪ್ರಕರಣ ಬಂದಾಗ ಯಾರನ್ನು ಪಕ್ಕದಲ್ಲಿ ನಿಲ್ಲಿಸಬೇಕು ಎಂದು ರಾತ್ರಿ ಪಾಳಿಯವರಿಗೆ ಇದರಿಂದ ತಿಳಿಯುತ್ತದೆ.

ಮೊದಲು ಕಲಿಯಬೇಕಾದವರು ಪ್ರಿಸೆಪ್ಟರ್‌ಗಳು

ಒಳ್ಳೆಯ ನರ್ಸ್ ಎಲ್ಲರೂ ಒಳ್ಳೆಯ ಪ್ರಿಸೆಪ್ಟರ್ ಆಗುವುದಿಲ್ಲ. ಕೈ ಪಳಗಿದವರಿಗೆ ತಾವು ಏನು ಮಾಡುತ್ತೇವೆ ಎಂಬುದೇ ಮರೆತಿರುತ್ತದೆ. "ಅದು ಹಂಗೇ ಗೊತ್ತಾಗುತ್ತೆ" ಎಂಬ ಉತ್ತರದಿಂದ ಹೊಸಬರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಹೊಸ ನರ್ಸ್‌ಗಳು ಬರುವ ಮೊದಲೇ ಪ್ರಿಸೆಪ್ಟರ್‌ಗಳಿಗೆ ಎರಡು ದಿನದ ತಯಾರಿ ಬೇಕು. ಅದರಲ್ಲಿ ಭಾಷಣ ಕಡಿಮೆ ಇರಲಿ. ಮುಖ್ಯವಾದದ್ದು ಒಂದು ಆಟ: ಒಬ್ಬರು ಈ ರಕ್ತ ಪರೀಕ್ಷೆ ಮಾಡುತ್ತಾರೆ, ಬೇಕೆಂದೇ ಎರಡು ತಪ್ಪು ಸೇರಿಸುತ್ತಾರೆ. ನಾಲ್ಕು ತಾಲ್ಲೂಕಿನಿಂದ ಬಂದ ನಾಲ್ವರು ಪ್ರಿಸೆಪ್ಟರ್‌ಗಳು ಒಬ್ಬರದೊಬ್ಬರು ನೋಡದೆ ಅಂಕ ಹಾಕುತ್ತಾರೆ. ಆಮೇಲೆ ಹಾಳೆಗಳನ್ನು ಪಕ್ಕಪಕ್ಕ ಇಡುತ್ತಾರೆ.

ನಾಗಮಂಗಲದವರು 3 ಕೊಟ್ಟ ಸಾಲಿಗೆ ಪಾಂಡವಪುರದವರು 1 ಕೊಟ್ಟಿದ್ದರೆ ಯಾರು ಸರಿ ಎಂದು ಜಗಳವಾಡಬೇಕಿಲ್ಲ. ಹೆಚ್ಚಿನ ಸಲ ಆ ಸಾಲನ್ನೇ ಅಸ್ಪಷ್ಟವಾಗಿ ಬರೆದಿರುತ್ತಾರೆ. ತಿದ್ದಿ ಬರೆದು ಮತ್ತೆ ನೋಡುತ್ತಾರೆ. ಈ ಹೊಂದಾಣಿಕೆಯನ್ನು ಎರಡು ಮೂರು ತಿಂಗಳಿಗೊಮ್ಮೆ ಅರ್ಧ ದಿನ ಮಾಡದಿದ್ದರೆ ಪ್ರತಿಯೊಬ್ಬರೂ ಮತ್ತೆ ತಮ್ಮದೇ ಅಳತೆಗೆ ಹಿಂತಿರುಗುತ್ತಾರೆ.

ಇದೇ ಹೊತ್ತಿನಲ್ಲಿ ಹಳೆಯ ರೂಢಿಗಳನ್ನೂ ಎತ್ತಿ ತೆಗೆಯಬೇಕು. ಪ್ರತಿವಿಷ ಕೊಡುವ ಮುನ್ನ ಚರ್ಮಕ್ಕೆ ಒಂದು ಹನಿ ಚುಚ್ಚಿ ಪರೀಕ್ಷಿಸುವ ಪದ್ಧತಿ ಹಿಂದೆ ಇತ್ತು. ಆ ಪರೀಕ್ಷೆ ಯಾರಿಗೆ ಅಲರ್ಜಿ ಬರುತ್ತದೆ ಎಂದು ಮುಂಚೆ ಹೇಳಲಾರದು ಎಂದು ಗೊತ್ತಾಗಿ ಈಗಿನ ಮಾರ್ಗಸೂಚಿಗಳು ಅದನ್ನು ಬೇಡವೆನ್ನುತ್ತವೆ. ಬದಲಿಗೆ ಅಡ್ರಿನಲಿನ್ ಚುಚ್ಚುಮದ್ದನ್ನು ಕೈಗೆ ಸಿಗುವಂತೆ ಸಿದ್ಧವಾಗಿಟ್ಟುಕೊಂಡು, ಪ್ರತಿವಿಷ ಹೋಗುತ್ತಿರುವಾಗ ಪಕ್ಕದಲ್ಲೇ ನಿಂತು ತುರಿಕೆ, ದದ್ದು, ಉಬ್ಬಸ ನೋಡಬೇಕು. "ನಮ್ಮಲ್ಲಿ ಮೊದಲಿಂದ ಹಿಂಗೇ ಮಾಡೋದು" ಎಂದು ಹಿರಿಯರು ಹೇಳಿಕೊಟ್ಟರೆ, ಜೊತೆಗಿದ್ದು ಕಲಿಸುವ ಇದೇ ಪದ್ಧತಿ ಹಳೆಯ ತಪ್ಪನ್ನೂ ಹೊಸಬರಿಗೆ ದಾಟಿಸಿಬಿಡುತ್ತದೆ.

ಪ್ರಿಸೆಪ್ಟರ್ ಆಗುವವರು ಅದೇ ಹೊಸಬರ ವಾರ್ಡ್ ಇನ್‌ಚಾರ್ಜ್ ಆಗಿರದಿದ್ದರೆ ಒಳ್ಳೆಯದು. ರಜೆ, ರೋಸ್ಟರ್, ಗೋಪ್ಯ ವರದಿ ಯಾರ ಕೈಯಲ್ಲಿ ಇರುತ್ತದೋ ಅವರ ಮುಂದೆ "ನನಗೆ ಬರಲ್ಲ" ಎಂದು ಹೇಳುವುದು ಕಷ್ಟ.

12 ವಾರ ಹೇಗೆ ಸಾಗಬೇಕು

ಮೊದಲ ವಾರ ಹೊಸ ನರ್ಸ್‌ಗೆ ಸ್ವಂತ ರೋಗಿಗಳಿಲ್ಲ. ತುರ್ತು ಔಷಧಿಯ ಟ್ರೇ, ಆಮ್ಲಜನಕದ ಸಿಲಿಂಡರ್, ಪ್ರತಿವಿಷದ ಫ್ರಿಜ್, ರೆಫರಲ್ ರಿಜಿಸ್ಟರ್ ಎಲ್ಲಿವೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ಪರಿಚಯವಾಗಲಿ. ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಪ್ರಿಸೆಪ್ಟರ್‌ಗೆ ವಹಿಸಿದ ರೋಗಿಗಳನ್ನೇ ಇಬ್ಬರೂ ಸೇರಿ ನೋಡುತ್ತಾರೆ. ಐದರಿಂದ ಎಂಟರವರೆಗೆ ಹೊಸ ನರ್ಸ್‌ಗೆ ಕೆಲವು ರೋಗಿಗಳು, ಪ್ರಿಸೆಪ್ಟರ್ ಅದೇ ವಾರ್ಡಿನಲ್ಲಿ. ಒಂಬತ್ತರಿಂದ ಹನ್ನೆರಡರವರೆಗೆ ಪೂರ್ತಿ ಕೆಲಸ, ರಾತ್ರಿ ಪಾಳಿಯೂ ಸೇರಿ, ಆದರೆ ಪ್ರಿಸೆಪ್ಟರ್ ಅಥವಾ ಇನ್ನೊಬ್ಬ ಹಿರಿಯರು ಅದೇ ಪಾಳಿಯಲ್ಲಿ ಇರುತ್ತಾರೆ.

ಇದೆಲ್ಲ ನಿಲ್ಲುವುದು ಒಂದೇ ನಿಯಮದ ಮೇಲೆ: ಇಬ್ಬರ ಪಾಳಿ ಒಂದೇ ಇರಬೇಕು. ಹೊಸಬರು ಬೆಳಿಗ್ಗೆ, ಪ್ರಿಸೆಪ್ಟರ್ ರಾತ್ರಿ ಎಂದಾದರೆ ಕಾರ್ಯಕ್ರಮ ಕಾಗದದ ಮೇಲಷ್ಟೇ ಇರುತ್ತದೆ. ಕಲಿಸುವ ದಿನಗಳಲ್ಲಿ ಪ್ರಿಸೆಪ್ಟರ್‌ಗೆ ರೋಗಿಗಳ ಸಂಖ್ಯೆಯನ್ನೂ ಸ್ವಲ್ಪ ಇಳಿಸಬೇಕು. ಸಿಬ್ಬಂದಿ ಕಡಿಮೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಸುಲಭವಲ್ಲ ಎಂದು ನಮಗೂ ಗೊತ್ತು. ಪೂರ್ತಿ ಆಗದಿದ್ದರೆ ಮೊದಲ ನಾಲ್ಕು ವಾರವಾದರೂ ಉಳಿಸಿಕೊಳ್ಳಬೇಕು. ಗುತ್ತಿಗೆಯ ಮೇಲೆ ಒಬ್ಬೊಬ್ಬರಾಗಿ, ವರ್ಷದ ಯಾವ ತಿಂಗಳಲ್ಲಾದರೂ ಸೇರುವವರಿರುತ್ತಾರೆ. ತಂಡ ಬರಲಿ ಎಂದು ಕಾಯದೆ ಯಾವ ಸೋಮವಾರ ಬೇಕಾದರೂ ಆರಂಭಿಸುವಂತೆ ಇದನ್ನು ರೂಪಿಸಬೇಕು.

"ಹನ್ನೆರಡು ನಿಮಿಷಕ್ಕೇ ಯಾಕೆ ಎತ್ತಿದೆ?"

ಅಂಕ ಹಾಕುವುದಕ್ಕಿಂತ ಕಷ್ಟದ ಕೆಲಸ, ಹಾಕಿದ ಮೇಲೆ ಮಾತಾಡುವುದು. ಒಂದು ಸನ್ನಿವೇಶ ಊಹಿಸಿಕೊಳ್ಳಿ. ಆರನೆಯ ವಾರ, ಸಂಜೆ ಪಾಳಿ. ಕಬ್ಬು ಕಡಿಯುವಾಗ ಕಾಲಿಗೆ ಹಾವು ಕಚ್ಚಿಸಿಕೊಂಡವರೊಬ್ಬರು ಬಂದಿದ್ದಾರೆ. ಹೊಸ ನರ್ಸ್ ರಕ್ತ ತೆಗೆದು ಟ್ಯೂಬ್ ನಿಲ್ಲಿಸಿದರು, ಹನ್ನೆರಡನೆಯ ನಿಮಿಷಕ್ಕೆ ಎತ್ತಿ ಬಾಗಿಸಿದರು. ಪ್ರಿಸೆಪ್ಟರ್ ನೋಡಿದರು. ರೋಗಿಯ ಮುಂದೆ ಬೈಯಲಿಲ್ಲ, "ಇನ್ನೊಂದು ಟ್ಯೂಬ್ ಹಾಕೋಣ" ಎಂದಷ್ಟೇ ಹೇಳಿ ಹೊಸದಾಗಿ ಮಾಡಿಸಿದರು. ರೋಗಿಯ ಸುರಕ್ಷತೆ ತಕ್ಷಣ, ಪಾಠ ಆಮೇಲೆ. ಕೆಲಸ ಮುಗಿದು ಅದೇ ಪಾಳಿಯಲ್ಲಿ, ಡ್ಯೂಟಿ ರೂಮಿನಲ್ಲಿ:

"ಇವತ್ತಿಂದು ಹೆಂಗಾಯ್ತು ಅನ್ಸುತ್ತಮ್ಮ ನಿಂಗೆ?"

"ರಕ್ತ ತೆಗ್ದಿದ್ದು ಸರಿಯಾಯ್ತು ಸಿಸ್ಟರ್. ಟ್ಯೂಬ್ ಮಾತ್ರ ಬೇಗ ಎತ್ಬಿಟ್ಟೆ."

"ಹೂಂ, ನಾನು ಗಡಿಯಾರ ನೋಡ್ದೆ, ಹನ್ನೆರಡು ನಿಮಿಷ ಆಗಿತ್ತು. ಯಾಕೆ ಎತ್ತಿದೆ?"

"ಅವ್ರಣ್ಣ ಬಂದು ಬಂದು ಕೇಳ್ತಿದ್ರು ಸಿಸ್ಟರ್, ಏನೂ ಮಾಡ್ತಿಲ್ಲ ಸುಮ್ನೆ ನಿಂತಿದೀರ ಅಂತ. ಗಾಬ್ರಿ ಆಯ್ತು."

"ಹನ್ನೆರಡು ನಿಮಿಷಕ್ಕೆ ಕಟ್ಟಿಲ್ಲ ಅಂದ್ರೆ ಇಪ್ಪತ್ತಕ್ಕೂ ಕಟ್ಟಲ್ಲ ಅಂತ ಹೇಳೋಕಾಗಲ್ಲ. ಮುಂದಿನ ಸಲ ಅವ್ರಿಗೆ ಏನು ಹೇಳ್ತೀಯ?"

"ಟ್ಯೂಬ್ ತೋರ್ಸಿ, ಇಷ್ಟು ಗಂಟೆವರೆಗೂ ಮುಟ್ಟಬಾರ್ದು, ಆಮೇಲೆ ನಾನೇ ಬಂದು ಹೇಳ್ತೀನಿ ಅಂತೀನಿ."

"ಅಷ್ಟು ಸಾಕು. ಟ್ಯೂಬ್ ಮೇಲೆ ಮುಗಿಯೋ ಟೈಮೂ ಬರ್ದಿಡು, ಅವ್ರೂ ನೋಡ್ತಾರೆ."

ಇದಕ್ಕೆ ಐದು ನಿಮಿಷ ಹಿಡಿಯುವುದಿಲ್ಲ. ಮೊದಲು ಕೇಳಿದ್ದು, ಆಮೇಲೆ ಕಂಡದ್ದನ್ನು ಹೇಳಿದ್ದು, ಕೊನೆಗೆ ಮತ್ತೆ ಕೇಳಿದ್ದು, ಇಷ್ಟೇ ಇದರ ಕ್ರಮ. ಪ್ರಿಸೆಪ್ಟರ್ ಹೇಳಿದ್ದು "ನೀನು ಅವಸರದವಳು" ಎಂದಲ್ಲ, "ಹನ್ನೆರಡು ನಿಮಿಷ" ಎಂದು. ಸ್ವಭಾವದ ಬಗ್ಗೆ ಹೇಳಿದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ತೊಡಗುತ್ತಾರೆ, ಗಡಿಯಾರದ ಜೊತೆ ಯಾರೂ ವಾದ ಮಾಡುವುದಿಲ್ಲ. "ಯಾಕೆ" ಎಂದು ಕೇಳಿದ್ದರಿಂದ ಇನ್ನೊಂದು ವಿಷಯ ಹೊರಬಿತ್ತು. ಆಕೆಗೆ ಪರೀಕ್ಷೆ ಗೊತ್ತಿಲ್ಲದೇ ಇರಲಿಲ್ಲ, ಸಂಬಂಧಿಕರನ್ನು ನಿಭಾಯಿಸುವುದು ಗೊತ್ತಿರಲಿಲ್ಲ. ಪುಸ್ತಕ ಓದಿ ಬಾ ಎಂದು ಕಳಿಸಿದ್ದರೆ ಮುಂದಿನ ಸಲವೂ ಇದೇ ಆಗುತ್ತಿತ್ತು.

ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳುವ ವಿಧಾನವೊಂದು ತರಬೇತಿಗಳಲ್ಲಿ ಜನಪ್ರಿಯ. ನಮಗೆ ಅದರ ಮೇಲೆ ಅಷ್ಟು ಒಲವಿಲ್ಲ. ಎರಡನೆಯ ಸಲಕ್ಕೇ ಎಲ್ಲರಿಗೂ ಆ ಉಪಾಯ ತಿಳಿದುಹೋಗುತ್ತದೆ. ಆಮೇಲೆ "ಚೆನ್ನಾಗಿ ಮಾಡಿದೆ" ಎಂದಾಗಲೆಲ್ಲ ಮುಂದೆ ಏನು ಬರುತ್ತದೋ ಎಂದು ಕಾಯುತ್ತಾರೆ.

ಹಾಳೆಯ ಕೆಳಗೆ ಒಂದೇ ಸಾಲು ಬರೆದರೆ ಸಾಕು: "ಸಾಲು 5, 12 ನಿಮಿಷಕ್ಕೆ ಎತ್ತಿದರು. ಮುಂದೆ: ಮುಗಿಯುವ ಸಮಯ ಟ್ಯೂಬಿನ ಮೇಲೆ ಬರೆಯುವುದು." ಮುಂದಿನ ಸಲ ಪ್ರಿಸೆಪ್ಟರ್ ಮೊದಲು ನೋಡುವುದು ಇದನ್ನೇ. ವಾರಕ್ಕೊಮ್ಮೆ ಹದಿನೈದು ನಿಮಿಷ ಕೂತು ಇಬ್ಬರೂ ಹಾಳೆ ತಿರುವಿ ಹಾಕಬೇಕು. ಆಗ ಹೊಸ ನರ್ಸ್ ಕೂಡ ಪ್ರಿಸೆಪ್ಟರ್ ಬಗ್ಗೆ ಹೇಳಲು ಅವಕಾಶ ಇರಲಿ.

ಹಾಳೆ ಸುಳ್ಳು ಹೇಳುತ್ತಿದೆ ಎಂದು ತಿಳಿಯುವುದು ಹೇಗೆ

ಇಂಥ ಕಾರ್ಯಕ್ರಮ ಸಾಮಾನ್ಯವಾಗಿ ಸಾಯುವುದು ಗಲಾಟೆಯಿಲ್ಲದೆ. ಮೂರು ತಿಂಗಳ ಹಾಳೆಯನ್ನು ಕೊನೆಯ ದಿನ ಒಂದೇ ಪೆನ್ನಿನಲ್ಲಿ ತುಂಬುತ್ತಾರೆ. ನರ್ಸಿಂಗ್ ಸೂಪರಿಂಟೆಂಡೆಂಟ್ ನೋಡಬೇಕಾದದ್ದು ತಾರೀಖುಗಳನ್ನು. ಪ್ರಿಸೆಪ್ಟರ್ ರಜೆಯಲ್ಲಿದ್ದ ದಿನ ಸಹಿ ಇದೆಯೇ? ಹಾವು ಕಡಿತದ ರಿಜಿಸ್ಟರ್‌ನಲ್ಲಿ ಆ ದಿನ ರೋಗಿ ಬಂದದ್ದು ನಿಜವೇ? ಮೊದಲ ವಾರದಿಂದಲೇ ಎಲ್ಲ ಸಾಲಿಗೂ 3 ಇದ್ದರೆ ಅದು ಪ್ರತಿಭೆಗಿಂತ ಯಾರೂ ನೋಡಿಲ್ಲ ಎಂಬುದರ ಲಕ್ಷಣ. ನಿಜವಾಗಿ ನೋಡಿ ತುಂಬಿದ ಹಾಳೆಯಲ್ಲಿ 1, 2, ಮತ್ತೆ 2, ಆಮೇಲೆ 3 ಹೀಗೆ ಏರಿಳಿತ ಇರುತ್ತದೆ.

ಇಷ್ಟು ಶ್ರಮಕ್ಕೆ ಫಲ ಇದೆಯೇ? ನಮ್ಮ ರಾಜ್ಯದಲ್ಲೇ ಹತ್ತಿರದ ಒಂದು ಪ್ರಯೋಗ ನಡೆದಿದೆ. ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ 24 ಗಂಟೆಯೂ ಹೆರಿಗೆ ಮಾಡಿಸುವ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ತರಬೇತಿ ಪಡೆದ ಮಾರ್ಗದರ್ಶಿ ನರ್ಸ್‌ಗಳನ್ನು ಕಳಿಸಿದರು. ಅವರು ಕೇಂದ್ರಕ್ಕೇ ಹೋಗಿ, ಅಲ್ಲಿನ ನರ್ಸ್‌ಗಳ ಜೊತೆ ಕೂತು ಕೇಸ್ ಶೀಟ್ ನೋಡಿ ಕಲಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮಾರ್ಗದರ್ಶಿ ಹೋದ ಕೇಂದ್ರಗಳ ಸಿದ್ಧತೆ ಮತ್ತು ಅಲ್ಲಿನ ಸಿಬ್ಬಂದಿಯ ತಿಳಿವಳಿಕೆ ಇನ್ನೊಂದು ಗುಂಪಿಗಿಂತ ಉತ್ತಮವಾಗಿತ್ತು. ಆದರೆ ಅಲ್ಲಿ ಕಲಿತವರು ಹೊಸ ಪದವೀಧರರಷ್ಟೇ ಅಲ್ಲ, ಕಲಿಸಿದವರು ಆಗಾಗ ಬಂದು ಹೋಗುತ್ತಿದ್ದರೇ ಹೊರತು ದಿನವೂ ಜೊತೆಗಿರಲಿಲ್ಲ. ಆದ್ದರಿಂದ ನಮ್ಮ 12 ವಾರದ ನಕ್ಷೆ ಕೆಲಸ ಮಾಡುತ್ತದೆ ಎಂಬುದಕ್ಕೆ ಅದು ನೇರ ಸಾಕ್ಷಿಯಲ್ಲ. ಕೆಲಸದ ಜಾಗದಲ್ಲೇ ಕಲಿಸುವುದರಿಂದ ಪ್ರಯೋಜನವಿದೆ ಎಂಬಷ್ಟನ್ನು ಅದು ತೋರಿಸುತ್ತದೆ.

ಹಾಗಾದರೆ ಆ ವಾಟ್ಸ್ಯಾಪ್ ಸಂದೇಶ ಬಂದಾಗ ಏನು ಮಾಡುವುದು? ಮುಂದಕ್ಕೆ ಕಳಿಸಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇಬ್ಬರು ನರ್ಸ್‌ಗಳು ಒಟ್ಟಿಗೆ ಬಂದು, ಒಬ್ಬರು ಕೆಲಸ ಮಾಡುತ್ತಾ ಇನ್ನೊಬ್ಬರು ಹಾಳೆ ಹಿಡಿದು ನೋಡುತ್ತಿದ್ದರೆ ಅದು ನಿಮ್ಮ ಮೇಲಿನ ಪ್ರಯೋಗವಲ್ಲ, ನಿಮ್ಮ ಮೇಲೆ ಎರಡು ಜೊತೆ ಕಣ್ಣು ಇದೆ ಎಂದರ್ಥ. ಯಾರು ಏನು ಮಾಡುತ್ತಿದ್ದಾರೆ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಆಮೇಲೆ ಆ ಟ್ಯೂಬಿನ ಇಪ್ಪತ್ತು ನಿಮಿಷ ಮುಗಿಯುವವರೆಗೆ ಅವರನ್ನು ಅವಸರಪಡಿಸಬೇಡಿ.

ಹನ್ನೆರಡನೆಯ ವಾರದ ಕೊನೆಗೂ ಕೆಲವು ಸಾಲುಗಳು ಉಳಿದಿದ್ದರೆ? ಕೆಲಸದಿಂದ ತೆಗೆಯುವ ಮಾತಲ್ಲ ಅದು. ಆ ಕೆಲಸಗಳಿಗೆ ಮಾತ್ರ ಇನ್ನೂ ನಾಲ್ಕು ವಾರ ಜೊತೆಗಾರರು ಇರುತ್ತಾರೆ. ಸಾಧ್ಯವಾದರೆ ಬೇರೆ ಪ್ರಿಸೆಪ್ಟರ್, ಏಕೆಂದರೆ ಕೆಲವು ಸಲ ತೊಡಕು ಕಲಿಯುವವರದ್ದಲ್ಲ, ಜೋಡಿಯದ್ದು. ಅಲ್ಲಿಯವರೆಗೆ ರಾತ್ರಿ ಪಾಳಿಯ ರೋಸ್ಟರ್‌ನಲ್ಲಿ ಕ್ಯಾಶುಯಾಲ್ಟಿಗೆ ಅವರ ಹೆಸರನ್ನು ಒಂಟಿಯಾಗಿ ಬರೆಯುವಂತಿಲ್ಲ.